ಕಂಡದ್ದು, ಕೇಳಿದ್ದು, ಅಂದುಕೊಂಡದ್ದು

ಕನ್ನಡದಲ್ಲಿ 'ಅಂತೆ' ಎಂಬ ಒಂದು ಪುಟ್ಟ ಪ್ರತ್ಯಯವಿದೆ. 'ಅವನು ಬಂದ' ಎಂದರೆ ಆ ಮಾತಿನ ಹೊಣೆ ನನ್ನದು. 'ಅವನು ಬಂದನಂತೆ' ಎಂದರೆ ಹೊಣೆ ಬೇರೆಯವರದು, ನಾನು ದಾಟಿಸಿದವನು ಮಾತ್ರ. ನಮ್ಮ ಮಲಯಾಳಿ ನೆರೆಯವರು ಇದನ್ನೇ 'ವನ್ನತ್ರೇ' ಎನ್ನುತ್ತಾರೆ. ತುಳುವಿನಲ್ಲಿ 'ಬತ್ತೆಗೆ' ಎನ್ನುತ್ತೇವೆ. ಕಾಸರಗೋಡಿನ ಮನೆಗಳಲ್ಲಿ ಮೂರು ಭಾಷೆ ಬೆರೆಸಿ ಮಾತಾಡುವ ಮಕ್ಕಳು ಕೂಡ ಈ ಒಂದು ವಿಷಯದಲ್ಲಿ ತಪ್ಪುವುದಿಲ್ಲ. ಕಂಡದ್ದಕ್ಕೆ ಒಂದು ರೂಪ, ಕೇಳಿದ್ದಕ್ಕೆ ಇನ್ನೊಂದು ರೂಪ ಎಂಬುದು ನಮಗೆ ಎದೆಹಾಲಿನೊಂದಿಗೆ ಬಂದ ವಿವೇಕ.

ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. 'ಹೀಗೆಂದು ಇಂಥವರು ಹೇಳಿದರು' ಎಂದು ಬೇರೆ ಮಾತುಗಳಲ್ಲಿ ಬಿಡಿಸಿ ಬರೆಯಬೇಕು. ಬರೆಯದಿದ್ದರೆ ಕೇಳಿದ್ದೂ ಕಂಡದ್ದೂ ಒಂದೇ ಬಣ್ಣದ್ದಾಗಿಬಿಡುತ್ತವೆ. 2012ರಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಪುಟದ ಹೇಳಿಕೆ ಬರೆದುಕೊಟ್ಟೆ. ಅದರಲ್ಲಿ ಒಂದು 'ಅಂತೆ' ಬಿದ್ದುಹೋಗಿತ್ತು. ಬಿದ್ದುಹೋದದ್ದು ಅದೊಂದೇ ಅಲ್ಲ ಎಂಬುದು ನನಗೆ ಏಳು ತಿಂಗಳ ನಂತರ ತಿಳಿಯಿತು. ಆ ಏಳು ತಿಂಗಳು ಒಬ್ಬ ಮನುಷ್ಯ ಸಂಬಳದ ಒಂದು ಪಾಲು ಮಾತ್ರ ಪಡೆದು ಮನೆಯಲ್ಲಿ ಕುಳಿತಿದ್ದರು.

ನಾನು ಬ್ಯಾಂಕಿನ ಗುಮಾಸ್ತ. ಗಡಿನಾಡಿನ ಒಂದು ಸಣ್ಣ ಶಾಖೆಯಲ್ಲಿ ಆಗ ನಾವು ಏಳು ಮಂದಿ ಇದ್ದೆವು. ನಮ್ಮ ಅಟೆಂಡರು ಕಣ್ಣೂರಿನ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ಎಲ್ಲರೂ ಅವರನ್ನು 'ಏಟ್ಟ' ಎಂದೇ ಕರೆಯುತ್ತಿದ್ದೆವು. ಆ ವರ್ಷದ ಜುಲೈ 16, ಸೋಮವಾರ. ಸಂಜೆ ಕ್ಯಾಶ್ ಮುಚ್ಚುವಾಗ 50,000 ರೂಪಾಯಿ ಕಡಿಮೆ ಬಂತು. ಐನೂರರ ನೋಟು ನೂರು ಸೇರಿದರೆ ಒಂದು ಪ್ಯಾಕೆಟ್. ಅಂದರೆ ಸರಿಯಾಗಿ ಒಂದು ಪ್ಯಾಕೆಟ್ ಇಲ್ಲ. ರಾತ್ರಿ ಒಂಬತ್ತರವರೆಗೆ ವೋಚರುಗಳನ್ನೂ ಪೆಟ್ಟಿಗೆಯನ್ನೂ ಕಸದ ಬುಟ್ಟಿಯನ್ನೂ ಹುಡುಕಿದೆವು. ಸಿಗಲಿಲ್ಲ. ಕ್ಯಾಶಿಯರು ಮರುದಿನ ಹೆಂಡತಿಯ ಬಳೆ ಅಡವಿಟ್ಟು ಹಣ ತುಂಬಿದರು. ಕ್ಯಾಬಿನಿನ ಕಡೆಗೆ ತಿರುಗಿದ ಕ್ಯಾಮೆರಾ ಆಗ ನಮ್ಮಲ್ಲಿರಲಿಲ್ಲ.

ಮೇಲಿನ ಕಚೇರಿಯಿಂದ ತನಿಖೆಗೆ ಅಧಿಕಾರಿ ಬಂದದ್ದು ನಾಲ್ಕನೆಯ ದಿನ. ಒಬ್ಬೊಬ್ಬರಿಗೂ ಬಿಳಿ ಹಾಳೆ ಕೊಟ್ಟು, ಗೊತ್ತಿದ್ದುದನ್ನು ಬರೆಯಿರಿ ಎಂದರು. ನಾನು ಬರೆದುದರ ಸಾರ ಇದು:

"16-7-2012ರ ಸಂಜೆ ಕ್ಯಾಶಿನಲ್ಲಿ 50,000 ರೂಪಾಯಿ ಕಡಿಮೆ ಇರುವುದು ಕಂಡುಬಂತು. ಅದೇ ದಿನ ಮಧ್ಯಾಹ್ನ ಕ್ಯಾಶಿಯರು ಇಲ್ಲದ ವೇಳೆಯಲ್ಲಿ ಅಟೆಂಡರು ಕ್ಯಾಶ್ ಕ್ಯಾಬಿನಿನಿಂದ ಗಡಿಬಿಡಿಯಲ್ಲಿ, ಸಂಶಯಾಸ್ಪದವಾಗಿ ಹೊರಬರುವುದನ್ನು ಗಮನಿಸಲಾಯಿತು. ಅವರ ಕೈಯಲ್ಲಿ ನೋಟಿನ ಕಟ್ಟಿನಂಥ ವಸ್ತುವಿತ್ತು. ಅವರು ಸಾಲದ ತೊಂದರೆಯಲ್ಲಿದ್ದಾರೆ. ಹಣ ಅವರೇ ತೆಗೆದಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ."

ಬರೆದಾಗ ಇದರಲ್ಲಿ ಸುಳ್ಳಿದೆ ಎಂದು ನನಗೆ ಅನಿಸಲಿಲ್ಲ. ಈಗಲೂ, ಯಾವ ಒಂದು ವಾಕ್ಯವನ್ನು ಹಿಡಿದು ಇದು ಸುಳ್ಳು ಎಂದು ಬೆರಳಿಡುವುದು ಕಷ್ಟ. ಆದರೆ ಇಡೀ ಕಾಗದ ಸುಳ್ಳು. ಪ್ರತಿಯೊಂದು ಮಾತೂ ಹೆಚ್ಚುಕಡಿಮೆ ನಿಜವಾಗಿದ್ದು ಒಟ್ಟು ಸುಳ್ಳಾಗುವುದು ಹೇಗೆ ಎಂಬುದೇ ಈ ಬರಹದ ಪ್ರಶ್ನೆ.

ನಮ್ಮ ಹೇಳಿಕೆಗಳು ಮುಂದೆ ಏನಾಗುತ್ತವೆ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬ್ಯಾಂಕ್ ನೌಕರರ ಶಿಸ್ತಿನ ಕ್ರಮಕ್ಕೆ 2002ರ ಏಪ್ರಿಲ್ 10ರಂದು ನೌಕರ ಸಂಘಗಳೂ ಆಡಳಿತಗಳೂ ಮಾಡಿಕೊಂಡ ಒಂದು ಒಪ್ಪಂದವಿದೆ. ಮೊದಲು ಪ್ರಾಥಮಿಕ ತನಿಖೆ ನಡೆಯುತ್ತದೆ. ಅದರಲ್ಲಿ ಹುರುಳಿದೆ ಎಂದು ಕಂಡರೆ ಆರೋಪಪಟ್ಟಿ ಕೊಡುತ್ತಾರೆ. ಆಮೇಲೆ ವಿಚಾರಣಾಧಿಕಾರಿಯೊಬ್ಬರ ಮುಂದೆ ವಿಚಾರಣೆ. ಅಲ್ಲಿ ಆಡಳಿತದ ಪರವಾಗಿ ಒಬ್ಬರು, ನೌಕರನ ಪರವಾಗಿ ಸಾಮಾನ್ಯವಾಗಿ ಸಂಘದವರೊಬ್ಬರು ಇರುತ್ತಾರೆ. ತನಿಖೆಯಲ್ಲಿ ಬರೆದುಕೊಟ್ಟ ಹೇಳಿಕೆ ದಾಖಲೆಯಾಗಿ ಹಾಜರಾಗುತ್ತದೆ, ಬರೆದವನು ಸಾಕ್ಷಿಯಾಗಿ ಹಾಜರಾಗುತ್ತಾನೆ, ಎದುರು ಪಕ್ಷದವರು ಪಾಟೀಸವಾಲು ಮಾಡುತ್ತಾರೆ.

ನ್ಯಾಯಾಲಯದಲ್ಲಾದರೆ 'ಯಾರೋ ಹೇಳಿದರು' ಎಂಬ ಮಾತನ್ನು ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತಾರೆ. ಕಚೇರಿಯ ವಿಚಾರಣೆಗೆ ಆ ಬಾಗಿಲಿಲ್ಲ. ಹರಿಯಾಣದ ಒಬ್ಬ ಬಸ್ ಕಂಡಕ್ಟರನ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಒಂದು ಕಾಲಕ್ಕೆ ನಮ್ಮ ಉತ್ತರ ಮಲಬಾರಿನ ತಲಶ್ಶೇರಿಯಲ್ಲಿ ವಕೀಲರಾಗಿದ್ದ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಅದು. ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಾದ ನಿಯಮಗಳು ಇಂಥ ವಿಚಾರಣೆಗೆ ಅನ್ವಯಿಸುವುದಿಲ್ಲ. ನಂಬಲರ್ಹವಾಗಿದ್ದು ವಿಷಯಕ್ಕೆ ಸಂಬಂಧಪಟ್ಟಿದ್ದರೆ ಕೇಳಿದ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಎಚ್ಚರ ಮಾತ್ರ ಇರಬೇಕು ಎಂಬುದು ಅದರ ಅಭಿಪ್ರಾಯ. ಇನ್ನೊಂದು ಕಡೆ, 2008ರಲ್ಲಿ ಬ್ಯಾಂಕಿನ ಪ್ಯೂನ್ ಒಬ್ಬರ ಪ್ರಕರಣದಲ್ಲಿ ಅದೇ ಕೋರ್ಟು, ಸಂಶಯ ಎಷ್ಟೇ ಬಲವಾಗಿದ್ದರೂ ಅದು ರುಜುವಾತಿನ ಸ್ಥಾನಕ್ಕೆ ಬರಲಾರದು ಎಂದಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ನಮ್ಮಂಥ ಸಾಕ್ಷಿಗಳ ಪಾಲಿಗೆ ಉಳಿಯುವ ಅರ್ಥ ಒಂದೇ. ಕೇಳಿದ ಮಾತು ಒಳಗೆ ಬರದಂತೆ ತಡೆಯುವ ಕಾವಲುಗಾರ ಹೊರಗೆಲ್ಲೂ ಇಲ್ಲದಿರುವಾಗ, ಬರೆಯುವವನೇ ಆ ಕಾವಲುಗಾರನಾಗಬೇಕು.

ನಾನು ಆಗಲಿಲ್ಲ. 'ಸಾಲದ ತೊಂದರೆಯಲ್ಲಿದ್ದಾರೆ' ಎಂಬುದು ನಾನು ಚಹಾದಂಗಡಿಯಲ್ಲಿ ಕೇಳಿದ್ದು. ಅಲ್ಲಿ ಹೇಳಿದವರು 'ಸಾಲ ಉಂಡತ್ರೇ' ಎಂದಿದ್ದರು. ಅವರ 'ಅತ್ರೇ' ನನ್ನ ಕಿವಿಗೆ ಬಿದ್ದಿತ್ತು, ಕಾಗದಕ್ಕೆ ಬೀಳಲಿಲ್ಲ. ಆರೋಪಪಟ್ಟಿಯಲ್ಲಿ ಅದು ಹಣ ತೆಗೆಯಲು ಕಾರಣವಾಗಿ ಕಾಣಿಸಿಕೊಂಡಿತು.

ವಿಚಾರಣೆಯಲ್ಲಿ ಏಟ್ಟನ ಪರವಾಗಿ ನಿಂತವರು ನಮ್ಮ ಸಂಘದ ಒಬ್ಬ ಹಿರಿಯರು, ನಿವೃತ್ತಿಗೆ ಎರಡು ವರ್ಷವಿದ್ದವರು. ದನಿ ಏರಿಸದೆ ಕೇಳಿದರು.

"ನೀವು ಕುಳಿತಿದ್ದದ್ದು ಎಲ್ಲಿ?"

"ಎರಡನೇ ಕೌಂಟರಿನಲ್ಲಿ."

"ಅಲ್ಲಿಂದ ಕ್ಯಾಬಿನಿನ ಬಾಗಿಲು ಕಾಣುತ್ತದೆಯೆ?"

"ಬಲಕ್ಕೆ ತಿರುಗಿದರೆ ಕಾಣುತ್ತದೆ."

"ಗಡಿಬಿಡಿಯಲ್ಲಿ ಬಂದರು ಎಂದಿದ್ದೀರಿ. ಇವರು ನಿಧಾನ ನಡೆದದ್ದನ್ನು ಯಾವತ್ತಾದರೂ ನೋಡಿದ್ದೀರಾ?"

ವಿಚಾರಣಾಧಿಕಾರಿಗಳೂ ನಕ್ಕರು. ಏಟ್ಟ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ನಡೆಯುವುದು ಶಾಖೆಗೆಲ್ಲ ಗೊತ್ತಿದ್ದ ಸಂಗತಿ. ನೋಡಿಲ್ಲ ಎಂದೆ.

"ನೋಟಿನ ಕಟ್ಟಿನಂಥ ವಸ್ತು ಎಂದಿದ್ದೀರಿ. ನೋಟು ಕಂಡಿತೇ?"

"ಇಲ್ಲ."

"ಕಂಡದ್ದೇನು?"

"ಪೇಪರು ಸುತ್ತಿದ ಒಂದು ಪೊಟ್ಟಣ. ಅಂಗೈಗಿಂತ ದೊಡ್ಡದು."

ಬಾಳೆಲೆಯಲ್ಲಿ ಅನ್ನ ಕಟ್ಟಿ ಮೇಲೆ ಪೇಪರು ಸುತ್ತಿದ ಪೊದಿಚೋರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕ್ಯಾಶಿಯರು ದಿನಾ ಅಂಥದನ್ನೇ ತರುತ್ತಿದ್ದರು. ಅದನ್ನು ಊಟದ ಕೋಣೆಗೆ ತಂದಿಡಲು ತನಗೆ ಅವರೇ ಹೇಳಿದ್ದರೆಂದು ಏಟ್ಟ ಮೊದಲ ದಿನದಿಂದಲೂ ಹೇಳುತ್ತಿದ್ದರು. ಕ್ಯಾಶಿಯರಿಗೆ ಸರಿಯಾಗಿ ನೆನಪಿರಲಿಲ್ಲ, ಹೇಳಿರಲೂಬಹುದು ಎಂದಿದ್ದರು.

ಕೊನೆಗೆ ಆ ಹಿರಿಯರು ಕೇಳಿದ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. "ನಿಮ್ಮ ಹೇಳಿಕೆ ಸಂಜೆಯಿಂದ ಶುರುವಾಗಿ ಮಧ್ಯಾಹ್ನಕ್ಕೆ ಹೋಗುತ್ತದೆ. ನಡುವೆ ಉಳಿದ ಹೊತ್ತು ನೀವು ಏನು ಮಾಡುತ್ತಿದ್ದಿರಿ? ಬೆಳಿಗ್ಗೆ ಹತ್ತರಿಂದ ಒಂದೊಂದಾಗಿ ಹೇಳಿ."

ಹೇಳುತ್ತ ಹೋದೆ. ಹನ್ನೆರಡೂವರೆಗೆ ಬಂದಾಗ ನನ್ನ ನಾಲಗೆ ತಡವರಿಸಿತು. ಯಾಕೆಂದರೆ 12.50ರ ಸುಮಾರಿಗೆ ಕ್ಯಾಬಿನಿನೊಳಗೆ ನಾನೂ ಹೋಗಿದ್ದೆ.

ಒಬ್ಬ ಗುತ್ತಿಗೆದಾರರು ಕೂಲಿ ಬಟವಾಡೆಗೆ ನಾಲ್ಕೂವರೆ ಲಕ್ಷದ ಚೆಕ್ಕು ತಂದಿದ್ದರು. ಎದುರಿಗೆ ದೊಡ್ಡ ಸಾಲು. ಕ್ಯಾಶಿಯರು ಐನೂರರ ಪ್ಯಾಕೆಟ್‌ಗಳನ್ನು ತೆಗೆದಿಡುತ್ತಿದ್ದಾಗ ಫೋನು ಬಂತು. ಅವರು ಫೋನು ಹಿಡಿದುಕೊಂಡೇ ನನಗೆ ಕೈಸನ್ನೆ ಮಾಡಿದರು. ನಾನು ಒಳಗೆ ಹೋಗಿ ಮೇಜಿನ ಮೇಲಿದ್ದ ಪ್ಯಾಕೆಟ್‌ಗಳನ್ನು ಗುತ್ತಿಗೆದಾರರ ಚೀಲಕ್ಕೆ ದಾಟಿಸಿದೆ. ಒಂಬತ್ತು ಇರಬೇಕಿತ್ತು. ನಾನು ಎಣಿಸಲಿಲ್ಲ, ಕ್ಯಾಶಿಯರು ಎಣಿಸಿಟ್ಟಿದ್ದಾರೆಂದು ಅಂದುಕೊಂಡೆ. ಒಂದು ನಿಮಿಷದ ಕೆಲಸ. ಕ್ಯಾಶಿಯರಲ್ಲದವನು ಹಾಗೆ ಒಳಗೆ ಹೋಗಿ ಹಣ ಮುಟ್ಟುವುದು ನಿಯಮಕ್ಕೆ ವಿರುದ್ಧ.

ಇದನ್ನು ನಾನು ಹೇಳಿಕೆಯಲ್ಲಿ ಬಚ್ಚಿಟ್ಟೆನೇ? ಅನೇಕ ರಾತ್ರಿ ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದೇನೆ. ಬಚ್ಚಿಡಬೇಕೆಂದು ಕುಳಿತು ಬಚ್ಚಿಟ್ಟ ನೆನಪಿಲ್ಲ. ಬರೆಯುವಾಗ ಅದು ಸಂಬಂಧವಿಲ್ಲದ ಸಂಗತಿಯಾಗಿ ಕಂಡಿತು. ಸಂಬಂಧವಿಲ್ಲ ಎಂದು ತೀರ್ಮಾನಿಸಿದವರು ಯಾರು? ಹಣ ಏಟ್ಟ ತೆಗೆದಿದ್ದಾರೆ ಎಂದು ಆಗಲೇ ಒಪ್ಪಿಕೊಂಡಿದ್ದ ನನ್ನ ಮನಸ್ಸು. ಆ ಕಥೆಯಲ್ಲಿ ಗುತ್ತಿಗೆದಾರರ ಚೀಲಕ್ಕೆ ಜಾಗವಿರಲಿಲ್ಲ. ಆ ಕಥೆ ನನ್ನನ್ನೂ ಚೆನ್ನಾಗಿ ಕಾಪಾಡುತ್ತಿತ್ತು.

ಹೇಳಿಕೆಯಲ್ಲಿ ಅಭಿಪ್ರಾಯ ಸೇರಬಾರದು ಎಂದರೆ ಎಷ್ಟೋ ಮಂದಿ ಅದನ್ನು ಅಡಿಗೆಗೆ ಉಪ್ಪು ಹೆಚ್ಚಾದಂತೆ ಎಂದು ತಿಳಿಯುತ್ತಾರೆ. ಹೆಚ್ಚಾದ ಎರಡು ಮಾತನ್ನು ಓದುವವರು ಬಿಟ್ಟು ಓದಿದರಾಯಿತು ಎನ್ನುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ 'ಸಂಶಯಾಸ್ಪದವಾಗಿ' ಎಂಬ ಪದವನ್ನು ನನ್ನ ಕಾಗದದಿಂದ ಹೊಡೆದುಹಾಕಿದರೂ ಗುತ್ತಿಗೆದಾರರ ಚೀಲ ಅಲ್ಲಿಗೆ ಬರುವುದಿಲ್ಲ. ಅಭಿಪ್ರಾಯ ಮಾಡುವ ದೊಡ್ಡ ಕೇಡು ಅದು ಸೇರಿಸುವುದರಲ್ಲಿಲ್ಲ, ಬಿಡಿಸುವುದರಲ್ಲಿದೆ. ಸೇರಿಸಿದ್ದು ಓದುವವರ ಕಣ್ಣಿಗೆ ಬೀಳುತ್ತದೆ. ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗಾಗದಿರಲು ಬರೆಯುವವನ ಕೈಯಲ್ಲಿರುವ ಮೊದಲ ಉಪಾಯ ಕಾಲಕ್ರಮ. ನಾನು ಸಂಜೆಯ ಕೊರತೆಯಿಂದ ಬರೆಯಲು ಆರಂಭಿಸಿದೆ. 50,000 ಕಡಿಮೆ ಎಂಬುದನ್ನು ಮೊದಲ ವಾಕ್ಯದಲ್ಲಿ ಇಟ್ಟ ಮೇಲೆ, ಅದಕ್ಕೂ ಹಿಂದೆ ನಡೆದದ್ದೆಲ್ಲ ಸುಳಿವಾಗಿ ಕಾಣದೆ ಬೇರೇನಾಗಿ ಕಂಡೀತು? ಆದರೆ ಮಧ್ಯಾಹ್ನ 1.25ಕ್ಕೆ ನನಗೆ ಯಾವ ಕೊರತೆಯೂ ಗೊತ್ತಿರಲಿಲ್ಲ. ಆಗ ಏಟ್ಟ ಪೊಟ್ಟಣ ಹಿಡಿದು ಹೋದದ್ದು ಸಂಶಯಾಸ್ಪದವಾಗಿ ಕಂಡಿದ್ದರೆ ನಾನು ಕರೆದು ಕೇಳುತ್ತಿದ್ದೆ. ಕೇಳಲಿಲ್ಲ, ಎದುರಿಗಿದ್ದ ಗ್ರಾಹಕರ ಪಾಸ್‌ಬುಕ್ಕಿಗೆ ತಿರುಗಿದೆ. ಸಂಶಯ ಹುಟ್ಟಿದ್ದು ಸಂಜೆ, ನಾನು ಅದನ್ನು ಬರೆದದ್ದು ಮಧ್ಯಾಹ್ನದ ಹೆಸರಿನಲ್ಲಿ. ಕಾಲಕ್ರಮದಲ್ಲಿ ಬರೆಯುವುದೆಂದರೆ ಪ್ರತಿ ಗಳಿಗೆಯಲ್ಲೂ ಆ ಗಳಿಗೆಗೆ ನನಗೆ ಎಷ್ಟು ಗೊತ್ತಿತ್ತೋ ಅಷ್ಟರಲ್ಲೇ ನಿಲ್ಲುವುದು. ಇನ್ನೊಂದು ಲಾಭವೂ ಇದೆ. ಗಡಿಯಾರ ಹಿಡಿದು ಬರೆಯತೊಡಗಿದರೆ ನಡುವಿನ ಖಾಲಿ ಜಾಗಗಳು ಎದ್ದು ಕಾಣುತ್ತವೆ. 12.30ರ ನಂತರ ನೇರ 1.25 ಎಂದು ಬರೆಯಲು ಕೈ ಬರುವುದಿಲ್ಲ.

ಸಮಯ ನೆನಪಿರುವುದಿಲ್ಲವಲ್ಲ ಎನ್ನಬಹುದು. ನಿಜ, ಮನುಷ್ಯರ ನೆನಪಿಗೆ ಗಡಿಯಾರವಿಲ್ಲ. ಆದರೆ ಬ್ಯಾಂಕಿನ ಕೆಲಸಕ್ಕೆ ಇದೆ. ಆ ಚೆಕ್ಕು ಕಂಪ್ಯೂಟರಿನಲ್ಲಿ 12.48ಕ್ಕೆ ದಾಖಲಾಗಿತ್ತು. ಏಟ್ಟ ಹೊರಬಂದಾಗ ನನ್ನೆದುರಿಗಿದ್ದ ಗ್ರಾಹಕರ ವೋಚರು 1.26ಕ್ಕೆ. ಇಂಥ ಎರಡು ಗೂಟ ಸಿಕ್ಕಿದರೆ ಉಳಿದ ನೆನಪನ್ನು ಅವುಗಳ ನಡುವೆ ಕಟ್ಟಬಹುದು. ಯಾವುದು ದಾಖಲೆ ನೋಡಿ ಬರೆದ ಸಮಯ, ಯಾವುದು ಅಂದಾಜು ಎಂಬುದನ್ನೂ ಬರೆಯಬೇಕು.

ಎರಡನೆಯ ಉಪಾಯ 'ನಾನು' ಎಂಬ ಪದ. 'ಗಮನಿಸಲಾಯಿತು' ಎಂದು ಬರೆದೆನಲ್ಲ, ಗಮನಿಸಿದವರು ಯಾರು? ನಮ್ಮ ಕಚೇರಿಯ ಕನ್ನಡಕ್ಕೆ ಈ 'ಲಾಯಿತು' ಒಂದು ಅಂಟುಜಾಡ್ಯ. 'ಹಣ ಎಣಿಸಲಾಯಿತು', 'ಪೆಟ್ಟಿಗೆ ಮುಚ್ಚಲಾಯಿತು'. ಮಾಡಿದವನು ಮಾತ್ರ ಎಲ್ಲೂ ಇಲ್ಲ. ಇದು ವಿನಯದಂತೆ ಕಾಣುತ್ತದೆ, ನಿಜವಾಗಿ ಅಡಗುತಾಣ. 'ನಾನು ನೋಡಿದೆ' ಎಂದು ಬರೆದೊಡನೆ ಎಲ್ಲಿಂದ, ಎಷ್ಟು ದೂರದಿಂದ, ಎಷ್ಟು ಹೊತ್ತು ಎಂಬ ಪ್ರಶ್ನೆಗಳು ತಾವಾಗಿ ಬರುತ್ತವೆ. 'ಪ್ಯಾಕೆಟ್‌ಗಳನ್ನು ಕೊಡಲಾಯಿತು' ಎಂದಿದ್ದರೆ ಎಂದಾದರೂ ಬರೆದುಬಿಡುತ್ತಿದ್ದೆನೋ ಏನೋ. 'ನಾನು ಎಣಿಸದೆ ಕೊಟ್ಟೆ' ಎಂದು ಬರೆಯಲು ಧೈರ್ಯ ಬೇಕಾಗಿತ್ತು.

'ಸಾಕ್ಷಿ' ಎಂಬ ಪದವನ್ನು ಪಾಣಿನಿ ವಿವರಿಸುವುದು ಸಾಕ್ಷಾತ್ ನೋಡಿದವನು ಎಂದು. ನಮ್ಮ ತರ್ಕಶಾಸ್ತ್ರದವರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆಬೇರೆ ಪ್ರಮಾಣಗಳಾಗಿ ಇಟ್ಟರು. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎನ್ನುವುದು ಅವರ ಹಳೆಯ ಉದಾಹರಣೆ. ಅನುಮಾನ ಕೀಳು ಎಂದು ಅವರು ಹೇಳಲಿಲ್ಲ, ಅದೂ ಜ್ಞಾನದ ದಾರಿಯೇ. ಆದರೆ ವಿಚಾರಣೆಯಲ್ಲಿ ಬೆಂಕಿಯನ್ನು ಊಹಿಸುವ ಕೆಲಸಕ್ಕೆ ಬೇರೊಬ್ಬರು ಕುಳಿತಿರುತ್ತಾರೆ. ಅವರ ಮುಂದೆ ಏಳು ಮಂದಿಯ ಏಳು ಹಾಳೆಗಳಿರುತ್ತವೆ. ಒಬ್ಬ ಸಾಕ್ಷಿ ಹೊಗೆಯ ಬದಲು ಬೆಂಕಿ ಎಂದು ಬರೆದುಕೊಟ್ಟರೆ, ಅದು ಹೊಗೆಯಲ್ಲ ಮಂಜು ಎಂದು ತಿಳಿಯುವ ಅವಕಾಶವೇ ಅವರಿಗೆ ತಪ್ಪುತ್ತದೆ. ನಾನು 'ನೋಟಿನ ಕಟ್ಟಿನಂಥ ವಸ್ತು' ಎಂದದ್ದರಿಂದ ಪೊದಿಚೋರು ಏಳು ತಿಂಗಳು ಕಣ್ಮರೆಯಾಯಿತು.

ಆ ದಿನ ಬರೆಯಬೇಕಾಗಿದ್ದ ಹೇಳಿಕೆಯನ್ನು ನಾನು ಆಮೇಲೆ ನನಗಾಗಿಯೇ ಬರೆದು ನೋಡಿದೆ:

"16-7-2012ರಂದು ನಾನು ಎರಡನೇ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. 12.48ಕ್ಕೆ (ವೋಚರಿನಲ್ಲಿರುವ ಸಮಯ) ನಾಲ್ಕೂವರೆ ಲಕ್ಷದ ಒಂದು ಚೆಕ್ಕು ದಾಖಲಾಯಿತು. ಅದಾಗಿ ಕೆಲವು ನಿಮಿಷಗಳಲ್ಲಿ ಕ್ಯಾಶಿಯರು ಫೋನಿನಲ್ಲಿ ಮಾತಾಡುತ್ತ ನನಗೆ ಕೈಸನ್ನೆ ಮಾಡಿದರು. ನಾನು ಕ್ಯಾಬಿನಿನೊಳಗೆ ಹೋಗಿ, ಮೇಜಿನ ಮೇಲಿದ್ದ ಐನೂರರ ಪ್ಯಾಕೆಟ್‌ಗಳನ್ನು ಗ್ರಾಹಕರಿಗೆ ಕೊಟ್ಟೆ. ಎಷ್ಟಿದ್ದವು ಎಂದು ನಾನು ಎಣಿಸಲಿಲ್ಲ. ಬಳಿಕ ನನ್ನ ಜಾಗಕ್ಕೆ ಬಂದೆ. ಸುಮಾರು 1.20ಕ್ಕೆ ಕ್ಯಾಶಿಯರು ಮ್ಯಾನೇಜರರೊಂದಿಗೆ ಸ್ಟ್ರಾಂಗ್ ರೂಮಿನ ಕಡೆಗೆ ಹೋಗುವುದನ್ನು ನೋಡಿದೆ. 1.26ರ ವೋಚರು ಮಾಡುತ್ತಿದ್ದಾಗ ಬಲಕ್ಕೆ ತಿರುಗಿದೆ. ಅಟೆಂಡರು ಕ್ಯಾಬಿನಿನ ಬಾಗಿಲಿನಿಂದ ಹೊರಬರುತ್ತಿದ್ದರು. ಅವರ ಬಲಗೈಯಲ್ಲಿ ಪೇಪರು ಸುತ್ತಿದ, ಅಂಗೈಗಿಂತ ದೊಡ್ಡದಾದ ಒಂದು ಪೊಟ್ಟಣವಿತ್ತು. ಒಳಗೆ ಏನಿತ್ತೆಂದು ನನಗೆ ಕಾಣಲಿಲ್ಲ. ಅವರು ಒಳಗೆ ಹೋದದ್ದನ್ನು ನಾನು ನೋಡಿಲ್ಲ. ಅವರು ಊಟದ ಕೋಣೆಯ ಕಡೆಗೆ ಹೋದರು. ಸಂಜೆ ಕ್ಯಾಶ್ ಮುಚ್ಚುವಾಗ 50,000 ರೂಪಾಯಿ ಕಡಿಮೆ ಇದೆಯೆಂದು ಕ್ಯಾಶಿಯರು ನನಗೆ ಹೇಳಿದರು. ಈ ಹೇಳಿಕೆಯನ್ನು ನಾನು ನಾಲ್ಕನೆಯ ದಿನ ಬರೆಯುತ್ತಿದ್ದೇನೆ. ಈ ನಡುವೆ ಸಹೋದ್ಯೋಗಿಗಳೊಂದಿಗೆ ಈ ಬಗ್ಗೆ ಮಾತಾಡಿದ್ದೇನೆ."

ಇದರಲ್ಲಿ ಯಾರ ಮೇಲೂ ದೂರಿಲ್ಲ. ಏಟ್ಟನ ವಿಷಯವನ್ನು ಮುಚ್ಚಿಟ್ಟೂ ಇಲ್ಲ. ಅವರು ಹೊರಬಂದದ್ದು, ಕೈಯಲ್ಲಿ ಪೊಟ್ಟಣವಿದ್ದದ್ದು, ಎರಡೂ ಇವೆ. ಸಾಲದ ಮಾತಿಲ್ಲ, ಅದನ್ನು ತಿಳಿಯಬೇಕೆಂದಿದ್ದರೆ ಅಧಿಕಾರಿಗಳು ಕಾಗದಪತ್ರ ನೋಡಿ ತಿಳಿಯಬಹುದಿತ್ತು. ಕೊನೆಯ ವಾಕ್ಯ ಮುಖ್ಯವೆಂದು ನನಗೆ ತೋರುತ್ತದೆ. ಮೂರು ದಿನದ ಚಹಾದಂಗಡಿಯ ಮಾತು ನನ್ನ ಕಣ್ಣಿಗೆ ಕನ್ನಡಕ ಹಾಕಿತ್ತು. ಅದನ್ನು ಪೂರ್ತಿ ಕಳಚಲು ಯಾರಿಂದಲೂ ಆಗದು, ಆದರೆ ಹಾಕಿಕೊಂಡಿದ್ದೇನೆ ಎಂದು ಹೇಳಬಹುದು. ಅದಕ್ಕೇ, ಬರೆಯಬೇಕಾಗಬಹುದು ಎಂದು ಅನಿಸಿದ ದಿನವೇ, ಯಾರೊಂದಿಗೂ ಮಾತಾಡುವ ಮೊದಲು, ಒಂದು ಹಾಳೆಯಲ್ಲಿ ಗುರುತು ಹಾಕಿ ತಾರೀಕು ಬರೆದಿಡುವುದು ಒಳ್ಳೆಯದು. ಮುಂದೆ ಬೇರೇನಾದರೂ ನೆನಪಾದರೆ ಮೊದಲಿನ ಹೇಳಿಕೆಯನ್ನು ತಿದ್ದಬಾರದು. ಹೊಸ ತಾರೀಕಿನಲ್ಲಿ ಇನ್ನೊಂದು ಹೇಳಿಕೆ ಕೊಡಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಒಬ್ಬ ಮಿತ್ರರು ಕೇಳಿದರು: "ಏಟ್ಟ ಒಳ್ಳೆಯ ಮನುಷ್ಯ ಎಂದು ನಿಮಗೆ ಗೊತ್ತಿದ್ದರೆ ಅದನ್ನಾದರೂ ಬರೆಯಬಹುದಿತ್ತಲ್ಲ? ಅಭಿಪ್ರಾಯ ಬೇಡ ಎಂದರೆ ಕೃಪೆಯೂ ಬೇಡವೆ?" ಈ ಮಾತು ನನ್ನನ್ನು ಕಾಡಿತು. ಆದರೆ ಒಳ್ಳೆಯವರು ಎಂಬ ಮಾತಿಗೆ ಹೇಳಿಕೆಯಲ್ಲಿ ಜಾಗ ಕೊಟ್ಟರೆ ಕೆಟ್ಟವರು ಎಂಬ ಮಾತಿಗೂ ಅದೇ ಜಾಗ ಕೊಡಬೇಕಾಗುತ್ತದೆ. ಆಗ ಶಾಖೆಯಲ್ಲಿ ಯಾರಿಗೆ ಗೆಳೆಯರು ಹೆಚ್ಚೋ ಅವರು ಗೆಲ್ಲುತ್ತಾರೆ. ಗಡಿನಾಡಿನ ಶಾಖೆಯಲ್ಲಿ ಗೆಳೆತನ ಭಾಷೆಯ ಗೆರೆ ಹಿಡಿದೂ ಹರಿಯುತ್ತದೆ ಎಂಬುದನ್ನು ಈ ವಾರ್ಷಿಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದು ನಾನು ಕನ್ನಡದವನು, ಕ್ಯಾಶಿಯರು ಕನ್ನಡದವರು, ಏಟ್ಟ ಮಲಯಾಳದವರು. ನನ್ನ ಸಂಶಯ ಯಾವ ಕಡೆಗೆ ವಾಲಿತು ಎಂಬುದರಲ್ಲಿ ಇದರ ಪಾಲು ಎಷ್ಟು ಎಂದು ನಾನು ಅಳೆಯಲಾರೆ. ಏನೂ ಇರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಅಲ್ಪಸಂಖ್ಯಾತರಾದ ನಾವು ಬೇರೆಯವರ ಕಣ್ಣಿನ ಓರೆಯನ್ನು ಬೇಗ ಗುರುತಿಸುತ್ತೇವೆ. ನಮ್ಮದು ನಮಗೆ ತಡವಾಗಿ ಕಾಣುತ್ತದೆ. ಒಳ್ಳೆಯತನವನ್ನು ಹೇಳಲೇಬೇಕಿದ್ದರೆ ಅದೂ ಕಂಡದ್ದಾಗಿ ಬರಬೇಕು. ಗ್ರಾಹಕರೊಬ್ಬರು ಮರೆತುಹೋದ ಹಣವನ್ನು ಇವರು ಕರೆದು ಕೊಟ್ಟದ್ದನ್ನು ನಾನು ನೋಡಿದ್ದೇನೆ ಎನ್ನಬಹುದು. ಅದೂ, ಕೇಳಿದಾಗ.

ಇನ್ನೊಂದು ಆಕ್ಷೇಪ ಭಾವನೆಯದು. ಭಾವನೆಯನ್ನೆಲ್ಲ ಅಭಿಪ್ರಾಯವೆಂದು ತೆಗೆದುಹಾಕಬೇಕೆ? ಇಲ್ಲ. ಕಿರುಕುಳದ ದೂರು ಕೊಡುವ ಹೆಣ್ಣುಮಗಳು 'ನನಗೆ ಭಯವಾಯಿತು, ಕೈ ನಡುಗಿತು' ಎಂದರೆ ಅದು ಅವಳ ಮಟ್ಟಿಗೆ ನಡೆದ ಸಂಗತಿ; ಅದನ್ನು ಅವಳಲ್ಲದೆ ಬೇರೆ ಯಾರೂ ಹೇಳಲಾರರು. ತನ್ನ ಭಯ ವಿಷಯ, ಇನ್ನೊಬ್ಬನ ದುರುದ್ದೇಶ ಊಹೆ. 'ಅವನು ಕುಡಿದಿದ್ದ' ಎನ್ನುವ ಬದಲು 'ಬಾಯಿಂದ ಹೆಂಡದ ವಾಸನೆ ಬಂತು, ಹೆಜ್ಜೆ ತಪ್ಪುತ್ತಿತ್ತು' ಎನ್ನುವುದು ಸರಿ. 'ಬೈದ' ಎನ್ನುವ ಬದಲು ಬೈದ ಮಾತನ್ನೇ, ಅವನು ಆಡಿದ ಭಾಷೆಯಲ್ಲೇ, ಎಷ್ಟೇ ಹೊಲಸಾಗಿದ್ದರೂ ಬರೆಯಬೇಕು.

ಮೂರನೆಯದು ಹೆಚ್ಚು ಗಂಭೀರ. 'ಕಂಡದ್ದು ಮಾತ್ರ' ಎಂಬ ನಿಯಮ ಹೇಡಿಗಳಿಗೆ ಗುರಾಣಿಯಾಗುವುದಿಲ್ಲವೆ? ಆಗುತ್ತದೆ. 'ನಾನೇನೂ ನೋಡಿಲ್ಲ' ಎಂಬ ಒಂದೇ ಸಾಲು ಬರೆದು ಎದ್ದುಹೋಗುವವರನ್ನು ಪ್ರತಿ ವಿಚಾರಣೆಯಲ್ಲೂ ನೋಡಬಹುದು. ಈ ನಿಯಮ ಅರ್ಧ ಮಾತ್ರ. ಕಂಡದ್ದನ್ನೆಲ್ಲ ಎಂಬುದು ಅದರ ಇನ್ನರ್ಧ. ತನಗೆ ನೋವಾಗುವ ಕಡೆಯಲ್ಲೂ ಕಂಡದ್ದನ್ನೆಲ್ಲ ಬರೆಯದವನಿಗೆ, ಅಭಿಪ್ರಾಯ ಬರೆಯಲಿಲ್ಲವೆಂಬ ಹೆಮ್ಮೆ ಸಲ್ಲದು.

ವಿಚಾರಣೆ ಮುಗಿಯಿತು. ಏಟ್ಟನ ಮೇಲಿನ ಆರೋಪ ರುಜುವಾತಾಗಲಿಲ್ಲ ಎಂದು ವರದಿ ಬಂತು, ಅವರು ಕೆಲಸಕ್ಕೆ ಮರಳಿದರು. ನನಗೆ ಎಚ್ಚರಿಕೆಯ ಪತ್ರ ಬಂತು, ಅದು ನ್ಯಾಯವೇ. ಗುತ್ತಿಗೆದಾರರನ್ನು ಕೇಳಿದಾಗ ತಮಗೆ ಬಂದದ್ದು ಒಂಬತ್ತೇ ಎಂದರು. ಅವರು ಹೇಳಿದ್ದು ನಿಜವಿರಬಹುದು, ಅವರೂ ಎಣಿಸಿರದೆ ಇರಬಹುದು. ಆ 50,000 ಎಲ್ಲಿ ಹೋಯಿತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕ್ಯಾಶಿಯರ ಮನೆಯ ಬಳೆ ಬಿಡಿಸಲು ಎರಡು ವರ್ಷ ಹಿಡಿಯಿತು. ಅದರಲ್ಲಿ ಅರ್ಧ ನಾನು ಕೊಡುತ್ತೇನೆಂದಾಗ ಅವರು ಒಪ್ಪಲಿಲ್ಲ.

ಏಟ್ಟ ಮರಳಿದ ದಿನ ನಾನು ಕ್ಷಮೆ ಕೇಳಲು ಹೋದೆ. ಏನೇನೋ ಹೇಳಲು ಮಾತು ಕಟ್ಟಿಕೊಂಡಿದ್ದೆ. ಅವರು ಕೇಳಿಸಿಕೊಂಡು, "ಸಾರೇ, ನಿಙಳ್ ಕಂಡದ್ ಎಳುದಿಯಾಲ್ ಮದಿಯಾಯಿರುನ್ನು" ಎಂದರು. ನೀವು ಕಂಡದ್ದನ್ನು ಬರೆದಿದ್ದರೆ ಸಾಕಿತ್ತು ಎಂದು ಅದರ ಅರ್ಥ. ಆಮೇಲೆ ಎಂದಿನಂತೆ ಚಹಾ ತರಲು ಹೋದರು, ಎಂದಿನ ವೇಗದಲ್ಲೇ.

ಅವರು ನಿವೃತ್ತರಾಗಿ ಕೆಲವು ವರ್ಷಗಳಾದವು. ನಾನು ಈಗ ಬೇರೆ ಶಾಖೆಯಲ್ಲಿದ್ದೇನೆ. ಆ ಮೇಲೆ ಎರಡು ಬಾರಿ ಹೇಳಿಕೆ ಬರೆಯುವ ಪ್ರಸಂಗ ಬಂತು. ಎರಡು ಸಲವೂ ಮೊದಲು ಕನ್ನಡದಲ್ಲಿ, ಮನೆಯ ಮಾತಿನಲ್ಲಿ ಬರೆದುಕೊಂಡೆ. ಎಲ್ಲೆಲ್ಲಿ 'ಅಂತೆ' ಬಂದಿದೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅವುಗಳಲ್ಲಿ ಹೇಳಿದವರ ಹೆಸರು ಕೊಡಬಹುದಾದವನ್ನು ಹೆಸರು ಸಹಿತ ಇಟ್ಟು, ಉಳಿದವನ್ನು ಬಿಟ್ಟೆ. ಬಳಿಕ ಬೆಳಗಿನ ಹತ್ತು ಗಂಟೆಯಿಂದ ಒಂದೊಂದಾಗಿ ಓದಿಕೊಂಡು, ನಡುವೆ ನಾನೆಲ್ಲಿದ್ದೆ ಎಂಬುದು ಬಿಟ್ಟುಹೋಗಿದೆಯೇ ನೋಡಿದೆ. ಆಮೇಲಷ್ಟೇ ಇಂಗ್ಲಿಷಿಗೆ ಇಳಿಸಿದೆ.